ಪಂಕ್ಚರ್ ಹಾಕಿದ ಮೇಲೂ ಗಾಳಿ ಯಾಕೆ ಹೋಗುತ್ತೆ?

ಪುಣೆಯಲ್ಲಿರುವ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಇದ್ದೀನಿ. ಇದು ಪಕ್ಕದ ಮನೆ ಹುಡುಗನ ಸೈಕಲ್. ಮೊನ್ನೆ ಹಿಂದಿನ ಚಕ್ರಕ್ಕೆ ಪಂಕ್ಚರ್ ಹಾಕಿಸಿದ್ದರು, ಮರುದಿನವೇ ಗಾಳಿ ಹೋಯ್ತು. ಸ್ಕೂಲಿಗೆ ಹೋಗೋಕೆ ಅವನಿಗೆ ಇದೇ ಸೈಕಲ್. ಇವತ್ತು ತೂತು ಮುಚ್ಚೋದರ ಜೊತೆಗೆ, ತೂತು ಮಾಡಿದ್ದು ಯಾವುದು ಅಂತಾನೂ ಹುಡುಕೋಣ.

[ಪರದೆಯಲ್ಲಿ: ಟಯರ್ ಲಿವರ್ 2, ಪಂಪ್, ಬಾಲ್ ಪೆನ್, ಉಪ್ಪುಕಾಗದ, ಸೊಲ್ಯೂಷನ್, ಪ್ಯಾಚ್, ಚಿಮಟ, ಬಟ್ಟೆ, ಬಕೆಟ್ ನೀರು]

ಚಕ್ರ ಬಿಚ್ಚೋದೇ ಬೇಡ. ಸೈಕಲ್ ತಲೆಕೆಳಗೆ ನಿಲ್ಲಿಸಿ, ಉಳಿದ ಗಾಳಿ ಬಿಡಿ, ವಾಲ್ವ್ ಬುಡದ ನಟ್ ತೆಗೆಯಿರಿ.

[ಕ್ಲೋಸ್‌ಅಪ್: ರಿಮ್ ಅಂಚು, ಟಯರ್ ಲಿವರ್]

ವಾಲ್ವ್‌ಗೆ ಎದುರು ಬದಿಯಲ್ಲಿ ಲಿವರ್ ತೂರಿಸಿ, ಟಯರಿನ ಒಂದು ಅಂಚನ್ನು ಮಾತ್ರ ಹೊರಗೆ ಎತ್ತಿ. ಸ್ಕ್ರೂಡ್ರೈವರ್ ಹಾಕಿದರೆ ಟ್ಯೂಬ್ ಹರಿಯುತ್ತೆ. ಟ್ಯೂಬ್ ಹೊರಗೆ ಎಳೆಯೋ ಮೊದಲು, ಚೈನ್ ಇರೋ ಬದಿಗೆ ಪೆನ್ನಿನಲ್ಲಿ ಒಂದು ಗುರುತು ಹಾಕಿ. ಇದು ಆಮೇಲೆ ಬೇಕಾಗುತ್ತೆ.

[ಕ್ಲೋಸ್‌ಅಪ್: ನೀರಿನಲ್ಲಿ ಗುಳ್ಳೆ]

ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ, ನೀರಲ್ಲಿ ಅದ್ದುತ್ತಾ ಹೋಗಿ. ನೋಡಿ, ಗುಳ್ಳೆ ಬರ್ತಿರೋದು ಹಳೇ ಪ್ಯಾಚಿನ ಪಕ್ಕದಲ್ಲೇ. ಹಳೇ ಪ್ಯಾಚ್ ಗಟ್ಟಿಯಾಗೇ ಇದೆ, ಇದು ಹೊಸ ತೂತು. ಹೊರಮೈಯಲ್ಲಿದೆ, ಅಂದರೆ ಚುಚ್ಚಿದ್ದು ಟಯರ್ ಕಡೆಯಿಂದ. ರಿಮ್ ಕಡೆ ಇದ್ದಿದ್ದರೆ ಕಡ್ಡಿಯ ತುದಿ ನೋಡಬೇಕಿತ್ತು. ಅಕ್ಕಪಕ್ಕ ಎರಡು ಸೀಳು ಇದ್ದಿದ್ದರೆ, ಗಾಳಿ ಕಡಿಮೆ ಇದ್ದು ಗುಂಡಿಯಲ್ಲಿ ಬಡಿದಿದೆ ಅಂತ ಅರ್ಥ.

[ಕ್ಲೋಸ್‌ಅಪ್: ಟಯರಿನ ಒಳಮೈ, ಚಿಮಟ]

ವಾಲ್ವ್‌ನಿಂದ ತೂತಿಗೆ ಸರಿಯಾಗಿ ಒಂದು ಗೇಣು. ಗುರುತು ಚೈನ್ ಬದಿಗೇ ಬರೋ ಹಾಗೆ ಟ್ಯೂಬನ್ನು ಟಯರಿನ ಪಕ್ಕ ಹಿಡಿದು, ವಾಲ್ವ್ ತೂತಿನಿಂದ ಅಷ್ಟೇ ದೂರ ಅಳೆಯಿರಿ. ಅಲ್ಲಿ ಒಳಗಡೆ ಬಟ್ಟೆ ಸವರಿ, ಬರಿಗೈ ಹಾಕಬೇಡಿ. ಬಟ್ಟೆ ಸಿಕ್ಕಿಕೊಂಡಿತು ನೋಡಿ: ಜಾಲಿ ಮುಳ್ಳಿನ ಮುರಿದ ತುದಿ. ಹೊರಗಿನಿಂದ ಕಾಣಲ್ಲ. ಟಯರ್ ಬಗ್ಗಿಸಿ ಚಿಮಟದಲ್ಲಿ ಎಳೆಯಿರಿ. ಮೊನ್ನೆ ಇದು ಒಳಗೇ ಉಳಿದಿತ್ತು.

[ಕ್ಲೋಸ್‌ಅಪ್: ಉಪ್ಪುಕಾಗದ, ಸೊಲ್ಯೂಷನ್]

ಹೊಸ ತೂತು ಹಳೇ ಪ್ಯಾಚಿಗೆ ಹತ್ತಿರ. ಪ್ಯಾಚಿನ ಮೇಲೆ ಪ್ಯಾಚ್ ಸರಿಯಾಗಿ ಹಿಡಿಯಲ್ಲ, ಆದರೆ ಇಲ್ಲಿ ಚಿಕ್ಕ ಪ್ಯಾಚಿಗೆ ಜಾಗ ಇದೆ. ಟ್ಯೂಬ್ ಒರೆಸಿ, ಒಣಗಿಸಿ, ಹೊಳಪು ಹೋಗೋವರೆಗೆ ಉಜ್ಜಿ. ಸೊಲ್ಯೂಷನನ್ನು ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ, ತೆಳ್ಳಗೆ ಹಚ್ಚಿ. ಈಗ ಸುಮಾರು 5 ನಿಮಿಷ ಕಾಯಿರಿ. ಅಂಚಿನಲ್ಲಿ ಮುಟ್ಟಿದರೆ ಬೆರಳಿಗೆ ಹಸಿ ಹತ್ತಬಾರದು. ಹಸಿಯಲ್ಲೇ ಅಂಟಿಸಿದರೆ ಪ್ಯಾಚ್ ಜಾರುತ್ತೆ.

[ಕ್ಲೋಸ್‌ಅಪ್: ಪ್ಯಾಚ್ ಒತ್ತುವ ಹೆಬ್ಬೆರಳು]

ಹಾಳೆ ಸುಲಿದ ಮೈಯನ್ನು ಕೆಳಗೆ ಮಾಡಿ, ನಡುವಿನಿಂದ ಅಂಚಿನ ಕಡೆಗೆ ಗಟ್ಟಿಯಾಗಿ ಒತ್ತಿ. ಮತ್ತೊಮ್ಮೆ ನೀರಲ್ಲಿ ನೋಡಿ. ಗುಳ್ಳೆ ಇಲ್ಲ.

ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ಹಾಕಿ, ಮೊದಲು ವಾಲ್ವ್ ಕೂರಿಸಿ, ಟ್ಯೂಬ್ ಒಳಗೆ ತಳ್ಳಿ. ಟಯರಿನ ಅಂಚನ್ನು ಹೆಬ್ಬೆರಳಿನಿಂದಲೇ ಏರಿಸಿ. ಎಲ್ಲೂ ಟ್ಯೂಬ್ ಅಂಚಿಗೆ ಸಿಕ್ಕಿಲ್ಲ ಅಂತ ಸುತ್ತ ನೋಡಿಕೊಂಡು ಪೂರ್ತಿ ಗಾಳಿ ತುಂಬಿ. ಟಯರಿನ ಬದಿಯಲ್ಲಿ ಎಷ್ಟು ಗಾಳಿ ಬೇಕು ಅಂತ ಬರೆದಿರುತ್ತೆ.

ರಾತ್ರಿ ಹೀಗೇ ನಿಲ್ಲಿಸಿ, ಬೆಳಿಗ್ಗೆ ಒತ್ತಿ ನೋಡಿ. ಗಟ್ಟಿ ಇದ್ದರೆ ಸ್ಕೂಲಿಗೆ ಹೊರಡಬಹುದು.