ಶಾಪ, ಬೈಗುಳ, ಅಶ್ಲೀಲ, ದೈವದೂಷಣೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಮಗುವೊಂದು ಬೀದಿಯಿಂದ ಯಾವುದೋ ಮಾತನ್ನು ಕಲಿತು ಬಂದು ಮನೆಯಲ್ಲಿ ಆಡಿದರೆ "ಛೀ, ಕೆಟ್ಟ ಮಾತು" ಎಂದು ಅದರ ಬಾಯಿ ಮುಚ್ಚಿಸುತ್ತೇವೆ. ಆ ಮಾತು ಶಾಪವೋ, ಬೈಗುಳವೋ, ಅಶ್ಲೀಲವೋ, ದೈವದೂಷಣೆಯೋ ಎಂದು ವಿಚಾರಿಸುವ ತಾಳ್ಮೆ ನಮಗಿರುವುದಿಲ್ಲ. ಮಕ್ಕಳ ವಿಷಯದಲ್ಲಿ ಇಷ್ಟು ಸಾಕು. ಆದರೆ ಹಿರಿಯರ ಜಗಳ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ, ಒಬ್ಬನ ಟೀಕೆಯನ್ನು ಇನ್ನೊಬ್ಬನು ತನ್ನ ದೇವರ ನಿಂದೆಯೆಂದು ತಿಳಿದು ಕೋಲೆತ್ತಿದಾಗ, ಈ ನಾಲ್ಕನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ಬರುವ ಅನರ್ಥವು ಕಣ್ಣಿಗೆ ಬೀಳುತ್ತದೆ. ಮಾತು ಎಷ್ಟು ಖಾರವಾಗಿದೆ ಎಂಬುದರಿಂದ ಇವುಗಳ ಭೇದ ತಿಳಿಯದು. ಆ ಮಾತು ಯಾರನ್ನು ಕರೆಯುತ್ತದೆ, ಯಾರಿಗೆ ತಗಲುತ್ತದೆ ಎಂಬುದನ್ನು ನೋಡಬೇಕು.

ನಲ್ಲಿಯ ಮುಂದೆ ಕೊಡಗಳ ಸಾಲಿನಲ್ಲಿ ನಡೆಯುವ ಒಂದು ಜಗಳವನ್ನು ಕಲ್ಪಿಸಿಕೊಳ್ಳೋಣ. ಒಬ್ಬಾಕೆ ಸರದಿ ತಪ್ಪಿಸಿದಳು. "ನೀ ಕಳ್ಳಿ, ಮಾನಗೆಟ್ಟಾಕಿ" ಎಂದಳು ಇನ್ನೊಬ್ಬಾಕೆ. ಅನ್ನಿಸಿಕೊಂಡವಳು ಒಂದು ಹಿಡಿ ಮಣ್ಣನ್ನು ತೂರಿ "ನಿನ್ನ ಮನಿ ಹಾಳಾಗಲಿ" ಎಂದಳು. ಅಷ್ಟರಲ್ಲಿ ಒಬ್ಬಳ ಮಗನು ಬಂದು, ನಾವು ಈ ವೇದಿಕೆಯಲ್ಲಿ ನುಡಿಯಲಾರದ ಒಂದು ಮಾತನ್ನು ಕೂಗಿದನು. ಜಗಳ ನೋಡುತ್ತ ನಿಂತ ಮತ್ತೊಬ್ಬನು "ನಿಮ್ಮ ಓಣಿಯ ದೇವಿಯ ಮುಖಕ್ಕೆ ಉಗುಳಬೇಕು" ಎಂದನು. ಅರ್ಧ ಗಳಿಗೆಯಲ್ಲಿ ನಾಲ್ಕೂ ಬಗೆಯ ಮಾತುಗಳು ಆಗಿಹೋದವು.

ಮೊದಲನೆಯದು ಬೈಗುಳ. "ನೀನು ಇಂಥವಳು" ಎಂಬುದೇ ಅದರ ತಿರುಳು. ಅದು ಇರುವುದನ್ನು, ಅಥವಾ ಇದೆಯೆಂದು ಆಡುವವರು ಹೇಳುವುದನ್ನು ಕುರಿತದ್ದು. ಅದಕ್ಕೆ ಬೇಕಾದುದು ಎರಡು ಜೀವ ಮತ್ತು ಒಂದು ಮಾನ. ಕೇಳುವ ನಾಲ್ಕು ಜನ ಸುತ್ತಲಿದ್ದರೆ ಅದರ ಪೆಟ್ಟು ಇಮ್ಮಡಿಯಾಗುತ್ತದೆ. ಎರಡನೆಯದು ಶಾಪ. ಅದು ಇರುವುದನ್ನು ಹೇಳುವುದಿಲ್ಲ, ಆಗಬೇಕಾದುದನ್ನು ಬೇಡುತ್ತದೆ. ನಮ್ಮ ವ್ಯಾಕರಣವೇ ಇಲ್ಲಿ ಸಾಕ್ಷಿ ನುಡಿಯುತ್ತದೆ: "ಹಾಳಾಗಲಿ" ಎಂಬುದು ವಿಧ್ಯರ್ಥ ರೂಪ, "ನೂರು ವರ್ಷ ಬಾಳಲಿ" ಎಂಬ ಆಶೀರ್ವಾದವೂ ಅದೇ ರೂಪ. ಎರಡೂ ಆಡುವವನ ಕೈಯಲ್ಲಿಲ್ಲದುದನ್ನು ಬೇರೊಂದು ಶಕ್ತಿಯಿಂದ ಬೇಡುತ್ತವೆ. "ನಿನ್ನ ಕಾಲು ಮುರಿಯುತ್ತೇನೆ" ಎಂದವನು ಶಪಿಸಲಿಲ್ಲ, ಬೆದರಿಸಿದನು, ಮುರಿಯುವವನು ಅವನೇ. "ನಿನ್ನ ಕಾಲು ಸೇದಿಹೋಗಲಿ" ಎಂದವನು ಕೈಲಾಗದೆ ಮೇಲೆ ನೋಡಿದನು. ಆದುದರಿಂದಲೇ ಶಾಪವು ಹೆಚ್ಚಾಗಿ ಹೊಲ ಕಳೆದುಕೊಂಡ ಒಕ್ಕಲಿಗನ, ದಿಕ್ಕಿಲ್ಲದ ವಿಧವೆಯ, ಬಾಗಿಲಿನಿಂದ ಹೊರದೂಡಿಸಿಕೊಂಡ ಭಿಕ್ಷುಕನ ಆಯುಧವಾಗಿದೆ. ಲಾಠಿ ಕೈಯಲ್ಲಿದ್ದವನಿಗೆ ಮಣ್ಣು ತೂರುವ ಅಗತ್ಯ ಬೀಳುವುದಿಲ್ಲ. ಆಣೆಯೂ ಶಾಪದ ಬಳಗವೇ: "ನಾನು ಸುಳ್ಳು ಹೇಳಿದರೆ ನನ್ನ ಕಣ್ಣು ಹೋಗಲಿ" ಎಂದವನು ತನ್ನನ್ನು ತಾನೇ, ಒಂದು ಕರಾರಿನ ಮೇಲೆ, ಶಪಿಸಿಕೊಳ್ಳುತ್ತಾನೆ.

ಒಂದೇ ಮಾತು ಎರಡು ಕೆಲಸ ಮಾಡುವುದೂ ಉಂಟು. ಮುತ್ತೈದೆಯನ್ನು "ಮುಂಡೆ" ಎಂದು ಕರೆದರೆ ವ್ಯಾಕರಣದ ದೃಷ್ಟಿಯಲ್ಲಿ ಅದು ಬರಿಯ ಬೈಗುಳ. ಆದರೆ ಅದರ ಹೊಟ್ಟೆಯಲ್ಲಿ "ನಿನ್ನ ಗಂಡ ಸಾಯಲಿ" ಎಂಬ ಶಾಪ ಅಡಗಿದೆ. ನಿಜವಾಗಿಯೂ ಗಂಡನನ್ನು ಕಳೆದುಕೊಂಡವಳಿಗೆ ಅದೇ ಮಾತನ್ನಾಡಿದರೆ ಶಾಪಕ್ಕೆ ಎಡೆಯಿಲ್ಲ. ಅವಳ ದುಃಖವನ್ನೇ ಅವಳಿಗೆ ಹೀನ ಹೆಸರಾಗಿ ತೊಡಿಸಿದಂತಾಗುತ್ತದೆ. ಇದು ಹೆಚ್ಚು ಕ್ರೂರವೆಂದು ನಮ್ಮ ಅಭಿಪ್ರಾಯ. ಇದಕ್ಕೆ ವಿರುದ್ಧವಾಗಿ, "ನಿನ್ನ ಮನಿ ಹಾಳಾಗಲಿ, ಎಷ್ಟು ಛಲೋ ಹಾಡಿದ್ಯೋ!" ಎಂದು ಅಜ್ಜಿ ಮೊಮ್ಮಗನ ಕೆನ್ನೆ ಹಿಂಡಿದರೆ ಶಾಪದ ರೂಪವಷ್ಟೇ ಉಳಿದಿರುತ್ತದೆ, ಶಾಪ ಉಳಿದಿರುವುದಿಲ್ಲ.

ಶಾಪವನ್ನು ಕಲ್ಲಿನಲ್ಲಿ ಕೆತ್ತಿಸುವ ವಾಡಿಕೆ ನಮ್ಮ ನಾಡಿನಲ್ಲಿ ಬಹಳ ಹಳೆಯದು. ದಾನಶಾಸನಗಳ ಕೊನೆಯಲ್ಲಿ ಇದನ್ನು ಕಾಣುತ್ತೇವೆ. ಈ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವನೆಂದೂ, ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂದೂ ಅಲ್ಲಿ ಬರೆದಿರುತ್ತದೆ. ದಾನ ಕೊಟ್ಟ ಅರಸನು ಸತ್ತ ಮೇಲೆ ಆ ಹೊಲವನ್ನು ಕಾಯುವವರು ಯಾರು? ಮುಂದೆ ಬರುವ ಅರಸನನ್ನು ತಡೆಯಲು ಅವನಿಗೆ ಶಾಪವೊಂದೇ ಉಳಿದಿತ್ತು. ಬಲಿಷ್ಠನಾದ ಅರಸನೂ ತನ್ನ ಮರಣದಾಚೆಗೆ ದುರ್ಬಲನೇ.

ಮಹಾರಾಷ್ಟ್ರದಲ್ಲಿ, ವಿಶೇಷವಾಗಿ ಕೊಂಕಣದಲ್ಲಿ, ಮತ್ತು ಗೋವೆಯಲ್ಲಿ ಈ ಶಾಪವು ಚಿತ್ರರೂಪ ತಾಳಿತು. ಅಂಥ ಕಲ್ಲುಗಳಿಗೆ ಮರಾಠಿಯಲ್ಲಿ ಗಧೇಗಳ್ ಎನ್ನುತ್ತಾರೆ. ಮೇಲ್ಭಾಗದಲ್ಲಿ ಸೂರ್ಯ ಚಂದ್ರರು; ಅವರು ಇರುವವರೆಗೂ ದಾನ ನಡೆಯಲಿ ಎಂದರ್ಥ. ನಡುವೆ ದಾನದ ಬರಹ. ಕೆಳಗೆ ಕತ್ತೆಯು ಹೆಂಗಸಿನ ಮೇಲೆ ಏರಿದ ಚಿತ್ರ. ಈ ದಾನವನ್ನು ಮುರಿದವನ ತಾಯಿಗೆ ಈ ಗತಿ ಬರಲಿ ಎಂಬುದು ಅದರ ತಾತ್ಪರ್ಯ. ಮುಂಬಯಿಯ ಪರಳದಲ್ಲಿ ದೊರೆತ ಶಿಲಾಹಾರ ಅಪರಾದಿತ್ಯನ ಶಾಸನವು ಈ ಜಾತಿಯದು. ಅದರ ಕಾಲ ಶಕವರ್ಷ 1108, ಅಂದರೆ ಕ್ರಿ.ಶ. 1187. ಬರಹವಿಲ್ಲದೆ ಚಿತ್ರ ಮಾತ್ರವಿರುವ ಕಲ್ಲುಗಳೂ ಇವೆ. ಓದು ಬಾರದವನಿಗೂ ಚಿತ್ರವು ತಿಳಿಯುತ್ತಿತ್ತು.

ಈ ಕಲ್ಲನ್ನು ಯಾವ ಗುಂಪಿಗೆ ಸೇರಿಸೋಣ? ಚಿತ್ರವು ಅಶ್ಲೀಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ನೋಡುವವನ ಕಾಮವನ್ನು ಕೆರಳಿಸಲು ಕೆತ್ತಿದುದಲ್ಲ, ಹೆದರಿಸಲು ಕೆತ್ತಿದುದು. ದಾರಿಹೋಕನಿಗೆ ಅದು ಬೈಗುಳವೂ ಅಲ್ಲ. ಅವನು ಹೊಲಕ್ಕೆ ಕೈ ಹಾಕದಿದ್ದರೆ ಅವನಿಗೆ ಅದು ಏನನ್ನೂ ಹೇಳುವುದಿಲ್ಲ. ಕೈ ಹಾಕಿದ ಕ್ಷಣದಲ್ಲಿ ಮಾತ್ರ ಅದು ಅವನನ್ನು ಹೆಸರು ಹಿಡಿದು ಕರೆಯುತ್ತದೆ. ಆದುದರಿಂದ ಅದು ಅಶ್ಲೀಲದ ಉಡುಪು ತೊಟ್ಟ, ಕರಾರಿನ ಮೇಲೆ ನಿಂತ ಶಾಪ. ಕಾಲಾಂತರದಲ್ಲಿ ಕರಾರು ಮರೆತುಹೋಗಿ ಉಡುಪು ಮಾತ್ರ ಕಣ್ಣಿಗೆ ಬಿದ್ದುದರಿಂದ ಕೆಲವು ಊರುಗಳಲ್ಲಿ ಜನರು ಇವನ್ನು ಅಪಶಕುನವೆಂದು ಒಡೆದರು. ಕೆಲವೆಡೆ ಸಿಂದೂರ ಬಳಿದು ದೇವರನ್ನಾಗಿ ಮಾಡಿದರು. ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಹೊಲ ಕಸಿಯುವವನು ಮಗ, ಶಿಕ್ಷೆ ತಾಯಿಗೆ! ಇಂದಿನ ಬೀದಿಯ ಹೊಲಸು ಬೈಗುಳಗಳಲ್ಲಿ ತಾಯಿ, ಅಕ್ಕತಂಗಿಯರ ಹೆಸರನ್ನೇ ಎಳೆಯುವ ಅನ್ಯಾಯವು ಆ ಕಲ್ಲಿನಲ್ಲಿಯೂ ಇದೆ.

ಅಶ್ಲೀಲಕ್ಕೆ ಎದುರಾಳಿ ಬೇಕಾಗಿಲ್ಲ. ಯಾರನ್ನೂ ಕುರಿತು ಆಡದಿದ್ದರೂ ಅದು ಅಶ್ಲೀಲವಾಗಬಲ್ಲದು; ಸಂದರ್ಭ ಬದಲಾದರೆ ಅದೇ ಶಬ್ದ ನಿರ್ಮಲವೂ ಆಗಬಲ್ಲದು. "ಮೊಲೆಹಾಲು" ಎಂದು ಸೂಲಗಿತ್ತಿಯು ಬಾಣಂತಿಗೆ ಹೇಳಿದರೆ ಯಾರೂ ತಲೆ ತಗ್ಗಿಸುವುದಿಲ್ಲ. ಅದೇ ಅಂಗದ ಹೆಸರನ್ನು ದಾರಿಯಲ್ಲಿ ಹೋಗುವ ಹುಡುಗಿಯತ್ತ ಎಸೆದರೆ ಅದು ಅಶ್ಲೀಲ. ನಮ್ಮ ಆಲಂಕಾರಿಕರು ಅಶ್ಲೀಲವೆಂಬ ಕಾವ್ಯದೋಷವನ್ನು ಮೂರು ಬಗೆಯಾಗಿ ಕಂಡರು: ನಾಚಿಕೆ ಹುಟ್ಟಿಸುವುದು, ಹೇಸಿಗೆ ಹುಟ್ಟಿಸುವುದು, ಅಮಂಗಳವನ್ನು ಸೂಚಿಸುವುದು. ಮೂರನೆಯದನ್ನು ಇಂದಿನ ಕಾನೂನು ಅಶ್ಲೀಲವೆಂದು ಗಣಿಸುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಅದು ಜೀವಂತವಾಗಿದೆ. "ಹೋಗುತ್ತೇನೆ" ಎನ್ನದೆ "ಹೋಗಿ ಬರುತ್ತೇನೆ" ಎನ್ನುವವರೆಲ್ಲ ಅದನ್ನು ಪಾಲಿಸುವವರೇ.

ಹೊಲಸು ಬೈಗುಳವೆಲ್ಲ ಕಾನೂನಿನ ಅರ್ಥದಲ್ಲಿ ಅಶ್ಲೀಲವೇ? ಅಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2024ರ ಮಾರ್ಚಿಯಲ್ಲಿ, ಕಾಲೇಜು ಹುಡುಗರ ಕಥೆಯ ಒಂದು ಧಾರಾವಾಹಿಯ ಮೊಕದ್ದಮೆಯಲ್ಲಿ ಹೇಳಿತು. ಅಂಥ ಪದಗಳ ಅಕ್ಷರಾರ್ಥವು ಕಾಮಸಂಬಂಧಿಯಾದರೂ ಸಿಟ್ಟಿನಲ್ಲಿ, ಹತಾಶೆಯಲ್ಲಿ ಆಡುವವನ ಮನಸ್ಸಿನಲ್ಲಿ ಆ ಅರ್ಥವಿರುವುದಿಲ್ಲ, ಕೇಳುವವನಲ್ಲಿಯೂ ಅದು ಕಾಮವನ್ನು ಕೆರಳಿಸುವುದಿಲ್ಲ, ಒರಟುತನವೇ ಅಶ್ಲೀಲವಲ್ಲ ಎಂಬುದು ಅದರ ವಿಚಾರಸರಣಿ. ನಲ್ಲಿಯ ಮುಂದೆ ಆ ಮಗನು ಕೂಗಿದ ಮಾತನ್ನು ಈ ಒರೆಗಲ್ಲಿಗೆ ಹಚ್ಚಿದರೆ, ಅದು ಅಶ್ಲೀಲದ ಅಂಗಡಿಯಿಂದ ಎರವಲು ತಂದ ಬೈಗುಳ ಮಾತ್ರ. ಸಭ್ಯತೆಯ ದೃಷ್ಟಿಯಿಂದ ಅವನ ಕಿವಿ ಹಿಂಡುವ ತಾಯಿಯ ಹಕ್ಕನ್ನು ಈ ತೀರ್ಪು ಕಸಿಯುವುದಿಲ್ಲ.

ಕೊನೆಯದು ದೈವದೂಷಣೆ. ಇದರಲ್ಲಿ ಪೆಟ್ಟು ಬೀಳುವುದು ಎದುರಿಗಿದ್ದವನ ಮಾನದ ಮೇಲಲ್ಲ, ಅವನು ಪವಿತ್ರವೆಂದು ನಂಬಿದ ವಸ್ತುವಿನ ಮೇಲೆ. ಪವಿತ್ರದ ಎಲ್ಲೆಯೂ ಮತದಿಂದ ಮತಕ್ಕೆ ಬೇರೆ. ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ದೇವರ ಹೆಸರನ್ನು ವ್ಯರ್ಥವಾಗಿ ಎತ್ತುವುದೇ ತಪ್ಪು; ಆ ಹೆಸರನ್ನು ದೂಷಿಸಿದವನಿಗೆ ಕಲ್ಲೆಸೆದು ಕೊಲ್ಲುವ ಶಿಕ್ಷೆಯನ್ನು ಅದು ವಿಧಿಸಿತ್ತು. ನಾವಾದರೋ ಎಡವಿದಾಗಲೆಲ್ಲ "ಅಯ್ಯೋ ದೇವರೇ" ಎನ್ನುತ್ತೇವೆ. ಅದು ನಾಮಸ್ಮರಣೆಯೆಂದೇ ಸಮಾಧಾನಪಡುತ್ತೇವೆ. ಇಷ್ಟೇ ಅಲ್ಲ. ದೇವರನ್ನು ಜಿಪುಣ, ಕಳ್ಳ, ಕರುಣೆಯಿಲ್ಲದವ ಎಂದು ಜರೆಯುವ ನಿಂದಾಸ್ತುತಿಯೆಂಬ ಪ್ರಕಾರವೇ ನಮ್ಮ ಹರಿದಾಸರಲ್ಲಿ ಬೆಳೆದಿದೆ. ಅಲ್ಲಿ ಶಬ್ದವು ನಿಂದೆ, ಆಡುವವನ ನಿಲುವು ಭಕ್ತಿ. ಪೂಜಿಸುವ ಕಲ್ಲು ದೇವರಲ್ಲವೆಂದು ಶರಣರು ವಾದಿಸಿದುದು ಟೀಕೆ. ಅದಕ್ಕೆ ಕಾರಣವಿತ್ತು, ಉತ್ತರಕ್ಕೆ ಎಡೆಯಿತ್ತು. "ದೇವಿಯ ಮುಖಕ್ಕೆ ಉಗುಳಬೇಕು" ಎಂಬುದರಲ್ಲಿ ವಾದವಿಲ್ಲ, ನಂಬಿದವರನ್ನು ನೋಯಿಸುವ ಉದ್ದೇಶ ಮಾತ್ರ ಇದೆ.

ಕಾನೂನು ಈ ಉದ್ದೇಶವನ್ನೇ ಹಿಡಿದು ನಿಂತಿದೆ. ದಂಡಸಂಹಿತೆಗೆ 1927ರಲ್ಲಿ ಸೇರಿಸಿದ 295-ಎ ವಿಧಿಯು ದೇವರನ್ನು ರಕ್ಷಿಸಲು ಹೊರಟುದಲ್ಲ. ಒಂದು ವರ್ಗದ ಜನರ ಧರ್ಮಭಾವನೆಯನ್ನು ಬೇಕೆಂದೇ, ದ್ವೇಷಬುದ್ಧಿಯಿಂದ ಕೆರಳಿಸುವುದನ್ನು ಅದು ಅಪರಾಧವೆನ್ನುತ್ತದೆ. ಅರಿಯದೆ, ಅಜಾಗರೂಕತೆಯಿಂದ ಆಡಿದ ಮಾತು ಅದರೊಳಗೆ ಬಾರದೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 299ನೆಯ ವಿಧಿ. ಬೈಗುಳಕ್ಕೆ ಅದರಲ್ಲಿ 352ನೆಯ ವಿಧಿಯಿದೆ. ಬೈದರೆ ಸಾಲದು, ಬೈಸಿಕೊಂಡವನು ಕೆರಳಿ ಶಾಂತಿಭಂಗ ಮಾಡಲೆಂಬ ಉದ್ದೇಶವಿರಬೇಕು, ಅಥವಾ ಹಾಗಾಗುವುದೆಂಬ ಅರಿವಾದರೂ ಇರಬೇಕು.

ಹಾಗಾದರೆ ಮಣ್ಣು ತೂರಿದ ಆ ಹೆಂಗಸಿಗೆ ಯಾವ ವಿಧಿ? ಕೇವಲ ಶಪಿಸಿದುದಕ್ಕೆ ಪ್ರತ್ಯೇಕ ಶಿಕ್ಷೆಯಿಲ್ಲ. ಶಾಪವನ್ನು ಒತ್ತಾಯದ ಸಾಧನವಾಗಿ ಬಳಸಿದರೆ ಮಾತ್ರ ಅಪರಾಧ. ನೀನು ಈ ಕೆಲಸ ಮಾಡದಿದ್ದರೆ ದೈವದ ಕೋಪಕ್ಕೆ ಗುರಿಯಾಗುವಂತೆ ಮಾಡುವೆನೆಂದು ನಂಬಿಸಿ ಕೆಲಸ ಮಾಡಿಸಿಕೊಂಡವನಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು. ಹಳೆಯ ಸಂಹಿತೆಯಲ್ಲಿ ಇದು 508ನೆಯ ವಿಧಿ, ಹೊಸದರಲ್ಲಿ 354. ಹಳೆಯ ಸಂಹಿತೆಯು ಕೊಟ್ಟಿದ್ದ ಉದಾಹರಣೆ ಧರಣಿಯದು: ತಾನು ಹೀಗೆ ಕುಳಿತುದರಿಂದಲೇ ಮನೆಯವನ ಮೇಲೆ ದೈವಕೋಪ ಎರಗುವುದೆಂದು ನಂಬಿಸುವ ಉದ್ದೇಶದಿಂದ ಒಬ್ಬನು ಅವನ ಬಾಗಿಲಲ್ಲಿ ಕೂಡುತ್ತಾನೆ. ನಲ್ಲಿಯ ಮುಂದಿನ ಹೆಂಗಸು ಯಾರಿಂದಲೂ ಏನನ್ನೂ ಮಾಡಿಸಿಕೊಳ್ಳಲಿಲ್ಲ. ತನ್ನ ಸರದಿಯ ನೀರೂ ಅವಳಿಗೆ ಸಿಕ್ಕಲಿಲ್ಲ.