ಪುಟ, ಪ್ರಶ್ನೆ, ಉತ್ತರಸೂಚಿ



ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆಯನ್ನು ನಿರೂಪಿಸುವ ಪುಟವೊಂದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ಆ ಚಿತ್ರವನ್ನೇ ಮುಂದಿಟ್ಟುಕೊಂಡು ಅಭ್ಯಾಸದ ಪ್ರಶ್ನೆಗಳನ್ನೂ ಉತ್ತರಸೂಚಿಯನ್ನೂ ರಚಿಸುವಾಗ ನಾವು ಪಾಲಿಸಬೇಕಾದ ನಿಯಮ ನನ್ನ ಎಣಿಕೆಯಲ್ಲಿ ಒಂದೇ: ಸರಿಯುತ್ತರಕ್ಕೆ ಹೇಗೋ ಹಾಗೆಯೇ ತಪ್ಪು ಆಯ್ಕೆಗಳಿಗೂ ಆ ಪುಟದಲ್ಲಿ ಆಧಾರವಿರಬೇಕು.

ಮೊದಲು ಚಿತ್ರವನ್ನೇ ಪರೀಕ್ಷಿಸೋಣ. ತೆರೆದ ಪುಸ್ತಕದ ಎಡಪುಟವು ಹೊಲಿಗೆಯ ಬಳಿ ಒಳಕ್ಕೆ ಬಾಗುವುದರಿಂದ, ಸಾಲುಗಳ ತುದಿ ನೆರಳಿನಲ್ಲಿ ಅಡಗಿ, ಸಮೀಕರಣದ ಕೊನೆಯ ಪದ ಲುಪ್ತವಾಗುವುದುಂಟು.

6CO₂ + 12H₂O → C₆H₁₂O₆ + 6O₂ + 6H₂O

ಇಲ್ಲಿ ಕಡೆಯ 6H₂O ಕಾಣದೆ ಹೋದರೆ, ಉಳಿದ ಭಾಗ ನೋಟಕ್ಕೆ ಪೂರ್ಣವಾಗಿಯೇ ತೋರುವುದರಿಂದ, ಆ ದೋಷವು ಯಾರ ಗಮನಕ್ಕೂ ಬಾರದೆ ಉತ್ತರಸೂಚಿಗೆ ಇಳಿಯುತ್ತದೆ. ಜಲಜನಕದ ಪರಮಾಣುಗಳನ್ನು ಎಣಿಸಿದರೆ ಎಡಕ್ಕೆ 24, ಬಲಕ್ಕೆ 12 ಮಾತ್ರ ದೊರೆತು ಲೋಪ ಬಯಲಾಗುತ್ತದೆ. ಆದಕಾರಣ ಪ್ರಶ್ನೆ ಬರೆಯುವ ಮುನ್ನ ಈ ಎಣಿಕೆ ಆಗಲೇಬೇಕು.

ಇನ್ನು ಪ್ರಶ್ನೆಯ ರಚನೆ. ಬಣ್ಣಬಣ್ಣದ ಎಲೆಯ ಕ್ರೋಟನ್ ಗಿಡವನ್ನು ಮೂರು ದಿನ ಕತ್ತಲೆಯಲ್ಲಿಟ್ಟು, ಬಳಿಕ ಆರು ಗಂಟೆ ಬಿಸಿಲಿಗಿಟ್ಟು, ಎಲೆಯನ್ನು ಮದ್ಯಸಾರದಲ್ಲಿ ಕುದಿಸಿ ಅಯೋಡಿನ್ ದ್ರಾವಣದಲ್ಲಿ ಅದ್ದುವ ಪ್ರಯೋಗ ತಮಗೆಲ್ಲ ಪರಿಚಿತ. "ಗಿಡವನ್ನು ಮೊದಲು ಕತ್ತಲೆಯಲ್ಲಿಡುವುದೇಕೆ?" ಎಂದು ಕೇಳಿ, "ಎಲೆಯಲ್ಲಿರುವ ಪಿಷ್ಟ ವ್ಯಯವಾಗಲೆಂದು" ಎಂಬುದನ್ನು ಸರಿಯುತ್ತರವಾಗಿರಿಸಿದೆವೆನ್ನಿ. "ಪತ್ರಹರಿತ್ತನ್ನು ತೆಗೆಯಲೆಂದು" ಎಂಬುದು ಉತ್ತಮವಾದ ತಪ್ಪು ಆಯ್ಕೆ. ಅದು ಮದ್ಯಸಾರದ ಕೆಲಸವಾದ್ದರಿಂದ, ಹಂತಗಳನ್ನು ಕಲಸಿಕೊಂಡ ವಿದ್ಯಾರ್ಥಿ ಅದನ್ನೇ ಆರಿಸುತ್ತಾನೆ, ಅವನ ತೊಡಕು ಎಲ್ಲಿದೆಯೆಂಬುದು ನಮಗೆ ತಿಳಿಯುತ್ತದೆ. "ಇಂಗಾಲದ ಡೈಆಕ್ಸೈಡನ್ನು ಹೀರಲೆಂದು" ಎಂಬುದೂ ಅಂತಹದೇ. ಅದು ಪಕ್ಕದ ಪ್ರಯೋಗದ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಕಾರ್ಯ. ಆದರೆ "ದ್ಯುತಿಸಂಶ್ಲೇಷಣೆ ನಿಲ್ಲಲೆಂದು" ಎಂಬ ಆಯ್ಕೆಯನ್ನು ಸೇರಿಸಿದೊಡನೆ ಪ್ರಶ್ನೆ ಕೆಟ್ಟಿತು, ಏಕೆಂದರೆ ಅದೂ ಸತ್ಯವೇ. ಹೊಸ ಪಿಷ್ಟದ ತಯಾರಿ ನಿಂತ ಮೇಲಲ್ಲವೆ ಹಳೆಯದು ತೀರುವುದು? ಅದನ್ನು ಆರಿಸಿದ ಬಾಲಕನಿಗೆ ಸೊನ್ನೆ ಕೊಡುವುದು ಅನ್ಯಾಯ. ಆ ಆಯ್ಕೆಯನ್ನು ಬಿಡಬೇಕು, ಇಲ್ಲವೆ "ಮೂರು ದಿನಗಳ ಬಳಿಕ ಎಲೆಯ ಪಿಷ್ಟ ಏನಾಗಿರುತ್ತದೆ?" ಎಂದು ಪ್ರಶ್ನೆಯನ್ನೇ ತಿದ್ದಬೇಕು. ಉತ್ತರಸೂಚಿಯಲ್ಲಿಯೂ ಕೇವಲ ಅಕ್ಷರವನ್ನು ನಮೂದಿಸದೆ, ಉಳಿದ ಆಯ್ಕೆಗಳು ಯಾವ ಹಂತಕ್ಕೆ ಸೇರಿದವೆಂಬುದನ್ನು ಒಂದೊಂದು ವಾಕ್ಯದಲ್ಲಿ ತಿಳಿಸುವುದು ಯುಕ್ತ.

ಬಿಡುಗಡೆಯಾಗುವ ಆಮ್ಲಜನಕದ ಮೂಲ ಯಾವುದೆಂಬ ಪ್ರಶ್ನೆಯಲ್ಲಿ ಹೆಚ್ಚಿನ ಎಚ್ಚರ ಬೇಕು. ಅದರ ಮೂಲ ನೀರೆಂಬುದಕ್ಕೆ ರೂಬೆನ್, ಕಾಮೆನ್ ಮೊದಲಾದವರು 1941ರಲ್ಲಿ ಭಾರವಾದ ಆಮ್ಲಜನಕವನ್ನು ಬಳಸಿ ಆಧಾರ ಒದಗಿಸಿದರು. ಬರಿಯ ಸಮೀಕರಣವನ್ನು ಕಂಡ ವಿದ್ಯಾರ್ಥಿಗಾದರೋ ಇಂಗಾಲದ ಡೈಆಕ್ಸೈಡೇ ಮೂಲವೆಂದು ತೋರುವುದು ಸಹಜ. ನೀರಿನ ಅಣು ವಿಭಜನೆಗೊಳ್ಳುವುದನ್ನು ಹೇಳುವ ವಾಕ್ಯ ಚಿತ್ರದೊಳಗಿದ್ದರೆ ಪ್ರಶ್ನೆ ನಿಲ್ಲಬಹುದು; ಅದು ಮುಂದಿನ ಪುಟದಲ್ಲಿದ್ದರೆ ಆ ಪುಟವನ್ನೂ ಚಿತ್ರ ತೆಗೆಯಬೇಕು, ಇಲ್ಲವೆ ಪ್ರಶ್ನೆಯನ್ನು ಕೈಬಿಡಬೇಕು.

ಮಧ್ಯಾಹ್ನದ ಅಧಿವೇಶನದಲ್ಲಿ ಪ್ರತಿಯೊಬ್ಬರೂ ತಾವು ರಚಿಸಿದ ಪ್ರಶ್ನೆಗಳನ್ನು, ಉತ್ತರಸೂಚಿಯನ್ನು ಮರೆಯಲ್ಲಿಟ್ಟು, ಚಿತ್ರದೊಡನೆ ಪಕ್ಕದವರಿಗೆ ಕೊಡಬೇಕೆಂದು ಕೋರುತ್ತೇನೆ. ಅವರ ಉತ್ತರವು ಸೂಚಿಗಿಂತ ಬೇರೆಯಾದೆಡೆಗಳಲ್ಲೆಲ್ಲ ಮೊದಲು ಪ್ರಶ್ನೆಯನ್ನು ಪರಿಶೀಲಿಸೋಣ.