ಅಜ್ಜ ತೀರಿಕೊಂಡ ವಾರ, ಕಂಟ್ರೋಲರ್‌ಗೆ ಬರೆದ ಪತ್ರ

ನಾನು ಮೂಲತಃ ಧಾರವಾಡದ ಕಡೆಯವನು. ಪುಣೆಯ ಒಂದು ಅಟಾನಮಸ್ ಇಂಜಿನಿಯರಿಂಗ್ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೀನಿ. ಇವತ್ತು ಒಂದೇ ಒಂದು ಪತ್ರದ ಬಗ್ಗೆ ಮಾತಾಡ್ತೀನಿ. ಪರೀಕ್ಷೆ ನಡೀತಿರೋ ವಾರದಲ್ಲೇ ಮನೇಲಿ ಸಾವಾದರೆ ಕಂಟ್ರೋಲರ್‌ಗೆ ಏನಂತ ಬರೀಬೇಕು ಅನ್ನೋದು.

ಒಂದು ಸೋಮವಾರ ಬೆಳಿಗ್ಗೆ ಮೂರನೇ ವರ್ಷದ ಹುಡುಗನೊಬ್ಬ ನನ್ನ ಟೇಬಲ್ ಮುಂದೆ ಬಂದು ನಿಂತ. ತಲೆ ಬೋಳಿಸಿದ್ದ. ಕೈಯಲ್ಲಿ ಒಂದೂವರೆ ಪುಟದ ಪತ್ರ. ಹೆಸರು ನೋಡಿ ನಮ್ಮ ಕಡೆಯವನೇ ಅಂತ ಗೊತ್ತಾಯ್ತು. "ಕುಂದ್ರಪಾ, ಏನಾತು?" ಅಂದೆ. "ಅಜ್ಜ ಹೋದ್ರು ಸರ್, ವಿಜಯಪುರದಾಗ. ಎರಡು ಪೇಪರ್ ತಪ್ಪಿದವು" ಅಂದ.

ಪತ್ರ ಓದಿದೆ. ಅಜ್ಜ ಅವನನ್ನ ಹೇಗೆ ಬೆಳೆಸಿದ್ರು, ಅವ್ವ ಎಷ್ಟು ಅತ್ತಳು, ಎಲ್ಲಾ ಇತ್ತು. ಓದಿ ನನ್ನ ಗಂಟಲೂ ಕಟ್ಟಿತು. ಆದರೆ ಯಾವ ಪೇಪರ್, ಯಾವ ತಾರೀಖು, ಅವನ ಪಿ.ಆರ್.ಎನ್. ಎಷ್ಟು, ಯಾವುದೂ ಇರಲಿಲ್ಲ. ಕೊನೆಯಲ್ಲಿ "ದಯವಿಟ್ಟು ಸಹಾಯ ಮಾಡಿ" ಅಷ್ಟೇ.

ಇಲ್ಲಿ ಒಂದು ವಿಷಯ ತಿಳ್ಕೋಬೇಕು. ಮರುಪರೀಕ್ಷೆ ಕೊಡೋದು ಕಂಟ್ರೋಲರ್ ಒಬ್ಬರ ಇಷ್ಟ ಅಲ್ಲ. ನಮ್ಮಲ್ಲಿ ಅವರು ಆ ಪತ್ರವನ್ನ ಫೈಲಿಗೆ ಹಾಕಿ ಒಂದು ಸಮಿತಿ ಮುಂದೆ ಇಡ್ತಿದ್ರು. ಸಮಿತಿಯಲ್ಲಿ ಕೂತವರು ಹುಡುಗನ ಮುಖ ನೋಡಿರೋದಿಲ್ಲ. ಅವರು ಮೂರು ಪ್ರಶ್ನೆ ಕೇಳ್ತಾರೆ: ತೀರಿಕೊಂಡವರು ಇವನಿಗೆ ಏನಾಗಬೇಕು? ಪ್ರತಿಯೊಂದು ಪೇಪರ್ ಯಾಕೆ ತಪ್ಪಿತು? ಇದಕ್ಕೆ ಕಾಗದ ಏನಿದೆ? ಪತ್ರ ಈ ಮೂರಕ್ಕೂ ಉತ್ತರ ಕೊಡಬೇಕು.

ನಾನು ಅವನನ್ನ ಕೂರಿಸಿಕೊಂಡು ಕೇಳ್ತಾ ಹೋದೆ. ಅಜ್ಜ ತೀರಿಕೊಂಡಿದ್ದು ಮೇ 14, ಮಂಗಳವಾರ ಸಂಜೆ, ಆಸ್ಪತ್ರೆಯಲ್ಲಿ. ಅದೇ ರಾತ್ರಿ ಇವನು ಬಸ್ ಹತ್ತಿದ. ಬುಧವಾರ ಮಧ್ಯಾಹ್ನ ಅಂತ್ಯಕ್ರಿಯೆ. ಬುಧವಾರದ ಪೇಪರ್ ತಪ್ಪಿದ್ದು ಯಾರಿಗಾದರೂ ಅರ್ಥ ಆಗುತ್ತೆ. "ಶುಕ್ರವಾರದ್ದು ಯಾಕೆ ತಪ್ಪಿತು? ಗುರುವಾರ ಹೊರಟಿದ್ರೆ ಬರಬಹುದಿತ್ತಲ್ಲ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಅವ್ವಗ ಅಣ್ಣ-ತಮ್ಮ ಯಾರೂ ಇಲ್ರಿ ಸರ್. ಕ್ರಿಯಾ ನಾನಾ ಮಾಡಬೇಕಿತ್ತು. ಶುಕ್ರವಾರ ಮೂರನೇ ದಿನದ ಕಾರ್ಯ."

ನೋಡಿ, ಇದು ಪತ್ರದಲ್ಲಿ ಇರಲೇ ಇಲ್ಲ. ಇದಿಲ್ಲದಿದ್ರೆ ಒಂದು ಪೇಪರ್ ಸಿಕ್ಕು ಇನ್ನೊಂದು ಬಿಟ್ಟುಹೋಗ್ತಿತ್ತು. ಅದಕ್ಕೇ ಹೇಳೋದು, ತಪ್ಪಿದ ಒಂದೊಂದು ಪೇಪರಿಗೂ ಬೇರೆ ಬೇರೆ ಕಾರಣ ಬರೀಬೇಕು.

ಇನ್ನು ಸಂಬಂಧದ ಪುರಾವೆ. ಅಪ್ಪನ ತಂದೆ ಆಗಿದ್ರೆ ಅಡ್ಡಹೆಸರು ಒಂದೇ ಇರುತ್ತೆ, ಕೆಲಸ ಸುಲಭ. ಇವರು ಅವ್ವನ ತಂದೆ. ಅವ್ವನ ಆಧಾರ್‌ನಲ್ಲಿ ಈಗ ಗಂಡನ ಹೆಸರು, ಗಂಡನ ಅಡ್ಡಹೆಸರು. ಅಜ್ಜನ ಕಾಗದ ನೋಡಿದವರಿಗೆ ಇವರಿಬ್ಬರೂ ಪರಸ್ಪರ ಯಾರೋ ಏನೋ! ಅವ್ವನ ಶಾಲೆಯ ಟಿ.ಸಿ. ತರಿಸಿದ್ವಿ. ಅದರಲ್ಲಿ ಅವಳ ಹೆಸರಿನ ಜೊತೆ ಅಜ್ಜನ ಹೆಸರಿತ್ತು. ಹುಡುಗನ ಮಾರ್ಕ್ಸ್ ಕಾರ್ಡಲ್ಲಿ ತಾಯಿಯ ಹೆಸರಿತ್ತು. ಕೊಂಡಿ ಕೂಡಿತು. ಹೊರರಾಜ್ಯದಲ್ಲಿ ಓದುವ ನಮ್ಮ ಮಕ್ಕಳು ಇಲ್ಲೇ ಎಡವ್ತಾರೆ.

ಮರಣ ಪ್ರಮಾಣಪತ್ರ ಅಷ್ಟು ಬೇಗ ಕೈಗೆ ಬರೋದಿಲ್ಲ. ಸಾವನ್ನ ನೋಂದಾಯಿಸೋಕೆ 21 ದಿನ ಕಾಲಾವಕಾಶ ಇದೆ, ಅದೂ ಸಾವಾದ ಊರಲ್ಲೇ ಆಗಬೇಕು. ಪುಣೆಯಲ್ಲಿ ಕೂತು ಅದಕ್ಕೋಸ್ಕರ ಕಾಯ್ತಾ ಪತ್ರ ತಡ ಮಾಡಬೇಡಿ. ಸದ್ಯಕ್ಕೆ ಆಸ್ಪತ್ರೆ ಕೊಟ್ಟ ಕಾಗದ ಲಗತ್ತಿಸಿ, ಪ್ರಮಾಣಪತ್ರ ಆಮೇಲೆ ಕೊಡ್ತೀನಿ ಅಂತ ಪತ್ರದಲ್ಲೇ ಬರೀರಿ. ಮನೆಯಲ್ಲೇ ತೀರಿಕೊಂಡಿದ್ರೆ, ಸ್ಮಶಾನದ ರಸೀದಿ ಅಥವಾ ಪಂಚಾಯ್ತಿಯ ಪತ್ರ ತಗೊಳ್ಳಿ. ಹೋಗಿ-ಬಂದ ಬಸ್ ಟಿಕೆಟ್ ಎಸೀಬೇಡಿ.

ಹೀಗೆ ಎರಡನೇ ಪತ್ರ ತಯಾರಾಯ್ತು. ಕಳಿಸಿದ್ದು ಇಂಗ್ಲಿಷ್‌ನಲ್ಲಿ. ಅದರ ಒಕ್ಕಣೆಯನ್ನ ಕನ್ನಡದಲ್ಲಿ ಓದ್ತೀನಿ:

"ಪರೀಕ್ಷಾ ನಿಯಂತ್ರಕರಿಗೆ, ವಿಭಾಗ ಮುಖ್ಯಸ್ಥರ ಮೂಲಕ.

ವಿಷಯ: ಕುಟುಂಬದಲ್ಲಿ ಮರಣದ ಕಾರಣ ತಪ್ಪಿದ ಎರಡು ಪೇಪರ್‌ಗಳಿಗೆ ಮರುಪರೀಕ್ಷೆ ಕೋರಿ.

ಮಾನ್ಯರೇ, ನಾನು ಮೆಕ್ಯಾನಿಕಲ್ ವಿಭಾಗದ ಆರನೇ ಸೆಮಿಸ್ಟರ್ ವಿದ್ಯಾರ್ಥಿ. ನನ್ನ ಪಿ.ಆರ್.ಎನ್. ಮತ್ತು ಸೀಟ್ ನಂಬರ್ ಕೆಳಗಿದೆ. ನನ್ನ ತಾಯಿಯ ತಂದೆ ಮೇ 14ರ ಸಂಜೆ ವಿಜಯಪುರದಲ್ಲಿ ನಿಧನರಾದರು. ಮೇ 15ರಂದು ಅಂತ್ಯಕ್ರಿಯೆ ಇದ್ದುದರಿಂದ ಅಂದಿನ ಹೀಟ್ ಟ್ರಾನ್ಸ್‌ಫರ್ ಪೇಪರಿಗೆ ಹಾಜರಾಗಲಿಲ್ಲ. ನನ್ನ ತಾಯಿಗೆ ಸಹೋದರರಿಲ್ಲ. ಕ್ರಿಯಾಕರ್ಮ ನಾನೇ ಮಾಡಬೇಕಿತ್ತು. ಮೇ 17ರಂದು ಮೂರನೇ ದಿನದ ಕಾರ್ಯವಿದ್ದುದರಿಂದ ಅಂದಿನ ಮೆಷಿನ್ ಡಿಸೈನ್ ಪೇಪರಿಗೂ ಹಾಜರಾಗಲಿಲ್ಲ. ಮೇ 15ರ ಬೆಳಿಗ್ಗೆ ಪೇಪರ್ ಶುರುವಾಗುವ ಮೊದಲೇ ತರಗತಿ ಶಿಕ್ಷಕರಿಗೆ ಸಂದೇಶ ಕಳಿಸಿದ್ದೆ. ಅದರ ಪ್ರತಿ ಇದೆ.

ಈ ಎರಡು ಪೇಪರ್‌ಗಳಿಗೆ ಮರುಪರೀಕ್ಷೆ ಕೊಡಬೇಕೆಂದೂ, ಅಲ್ಲಿಯವರೆಗೆ ಗೈರುಹಾಜರಿಯನ್ನು ಅನುತ್ತೀರ್ಣ ಎಂದು ದಾಖಲಿಸಬಾರದೆಂದೂ ಕೋರುತ್ತೇನೆ. ಮರಣ ಪ್ರಮಾಣಪತ್ರ ಕೈಸೇರಿದ ಕೂಡಲೇ ಸಲ್ಲಿಸುತ್ತೇನೆ."

ಕೆಳಗೆ ಇವನ ಸಹಿ, ತಂದೆಯ ಸಹಿ, ಲಗತ್ತುಗಳ ಪಟ್ಟಿ. ಒಂದೇ ಪುಟ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಇನ್‌ವರ್ಡ್ ನಂಬರ್, ಸೀಲ್ ಹಾಕಿಸಿಕೊಂಡು ಅವನೇ ಇಟ್ಕೊಂಡ. ನಾಳೆ ಯಾರಾದ್ರೂ "ಪತ್ರ ಬಂದೇ ಇಲ್ಲ" ಅಂದ್ರೆ ಆ ಸೀಲೇ ಸಾಕ್ಷಿ.

ಅನುತ್ತೀರ್ಣ ಅಂತ ದಾಖಲಿಸಬಾರದು ಅನ್ನೋ ಸಾಲನ್ನ ಬೇಕಂತಲೇ ಹಾಕಿಸಿದ್ದೆ. ಮುಂದಿನ ತಿಂಗಳುಗಳಲ್ಲಿ ಕ್ಯಾಂಪಸ್‌ಗೆ ಕಂಪನಿಗಳು ಬರ್ತವೆ. ಬ್ಯಾಕ್‌ಲಾಗ್ ಇದ್ದವರನ್ನ ಎಷ್ಟೋ ಕಂಪನಿಗಳು ಮೊದಲ ಸುತ್ತಿಗೂ ಕರೆಯೋದಿಲ್ಲ. ಅದು ಅಜ್ಜನ ಸಾವಿನಿಂದ ಆದ ಬ್ಯಾಕ್‌ಲಾಗ್ ಅಂತ ಅವರ ಪಟ್ಟಿಗೆ ಗೊತ್ತಾಗೋದಿಲ್ಲ.

ಒಂದು ತಪ್ಪು ಅವನೂ ಮಾಡಿದ್ದ. ವಾಟ್ಸಾಪ್ ಮಾಡಿದ್ದು ಶಿಕ್ಷಕರಿಗೆ ಮಾತ್ರ. ಪರೀಕ್ಷಾ ವಿಭಾಗಕ್ಕೆ ಮೇಲ್ ಹೋಗಿರಲಿಲ್ಲ. ಆ ಶಿಕ್ಷಕರು ಒಳ್ಳೆಯವರು, "ಹೌದು, ನನಗೆ ತಿಳಿಸಿದ್ದ" ಅಂತ ಬರೆದುಕೊಟ್ಟರು. ನೀವು ಬಸ್ಸಲ್ಲಿ ಕೂತಾಗಲೇ ಎರಡು ಸಾಲಿನ ಮೇಲ್ ಹಾಕಿ. ನಿಮ್ಮಿಂದ ಆಗದಿದ್ರೆ ಗೆಳೆಯನ ಕೈಲಿ ಹಾಕಿಸಿ.

ಇನ್ನೊಂದು ಮಾತು. ಇದೆಲ್ಲಾ ಅಟಾನಮಸ್ ಕಾಲೇಜಿನ ಕಥೆ. ನಿಮ್ಮ ಕಾಲೇಜು ವಿಶ್ವವಿದ್ಯಾಲಯಕ್ಕೆ ಸೇರಿದ್ದಾದರೆ ಕಂಟ್ರೋಲರ್ ಇರೋದು ಅಲ್ಲಿ, ಕಾಲೇಜು ಬರೀ ಪತ್ರ ಮುಂದಕ್ಕೆ ಕಳಿಸುತ್ತೆ. ಥಿಯರಿ ಪೇಪರಿಗೆ ಮರುಪರೀಕ್ಷೆಯ ನಿಯಮವೇ ಇಲ್ಲದೆ, ಮುಂದಿನ ಸೆಷನ್‌ನಲ್ಲಿ ಬರೀರಿ ಅನ್ನಬಹುದು. ಆಗಲೂ ಇಂಟರ್ನಲ್, ಪ್ರಾಕ್ಟಿಕಲ್ ತಪ್ಪಿದ್ರೆ ಅದಕ್ಕೆ ಬೇರೆಯಾಗಿ ಪ್ರಿನ್ಸಿಪಾಲರಿಗೆ ಬರೀರಿ. ಎಷ್ಟೋ ಸಲ ಅದು ಅವರ ಮಟ್ಟದಲ್ಲೇ ಮುಗಿಯುತ್ತೆ. ಮೊದಲು ನಿಯಮದ ಪುಸ್ತಕದಲ್ಲಿ ಮರುಪರೀಕ್ಷೆಗೆ ಏನು ಹೆಸರಿದೆ ನೋಡಿ, ಪತ್ರದಲ್ಲಿ ಅದೇ ಹೆಸರು ಬಳಸಿ.

ಆ ಹುಡುಗನಿಗೆ ಜೂನ್‌ನಲ್ಲಿ ಎರಡೂ ಪೇಪರ್ ಸಿಕ್ಕವು. ಬರೆದು ಹೊರಗೆ ಬಂದವನು ನನ್ನ ಟೇಬಲ್ ಹತ್ರ ಬಂದ. ಜೇಬಿಂದ ಮಡಚಿದ ಹಳೇ ಪತ್ರ ತೆಗೆದ, ಆ ಒಂದೂವರೆ ಪುಟದ್ದು. "ಇದನ್ನ ಏನ್ ಮಾಡ್ಲಿ ಸರ್?" ಅಂದ. "ಅವ್ವಗ ಕೊಡಪಾ. ಅದು ಆಕಿಗೆ ಬರೆದ ಪತ್ರ" ಅಂದೆ.